ಮನೆಗೊಂದು ಹಣ: ತರಗತಿಯ ಗೇಲಿಯ ಬೆಲೆಯನ್ನು ಯಾರು ತೆರಬೇಕು?

ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿರುವ 1368ರ ಬುಕ್ಕರಾಯನ ಶಾಸನವನ್ನು ಕನ್ನಡ ಎಂ.ಎ. ಓದಿದವರೆಲ್ಲ ಒಮ್ಮೆಯಾದರೂ ಉದ್ಧರಿಸಿರುತ್ತಾರೆ. ಮತಸಹಿಷ್ಣುತೆ ಎಂಬ ಮಾತು ಬಂದೊಡನೆ ಪ್ರಬಂಧಗಳಲ್ಲಿಯೂ ವಿಚಾರಸಂಕಿರಣಗಳಲ್ಲಿಯೂ ಈ ಶಾಸನ ತಪ್ಪದೆ ಹಾಜರಾಗುತ್ತದೆ. ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಹುಟ್ಟಿತು, ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮೊದಲಾದೆಡೆಗಳ ಭವ್ಯಜನರು ತಮಗಾದ ಅನ್ಯಾಯವನ್ನು ಅರಸನ ಮುಂದೆ ಹೇಳಿಕೊಂಡರು, ಅರಸನು ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟು ಎರಡು ದರ್ಶನಗಳಿಗೂ ಭೇದವಿಲ್ಲವೆಂದನು. ಉದ್ಧರಣೆ ಬಹುಮಟ್ಟಿಗೆ ಇಲ್ಲಿಗೆ ನಿಲ್ಲುತ್ತದೆ. ಆದರೆ ಶಾಸನ ಇಲ್ಲಿಗೆ ನಿಲ್ಲುವುದಿಲ್ಲ.

ಅದರ ಮುಂದಿನ ಭಾಗವೇ ಹೆಚ್ಚು ಬೋಧಪ್ರದವಾದುದು. ಪಂಚಮಹಾವಾದ್ಯ ಮತ್ತು ಕಳಶದ ಹಕ್ಕು ಜೈನದರ್ಶನಕ್ಕೆ ಹಿಂದಿನಂತೆಯೇ ಸಲ್ಲಬೇಕೆಂದು ಅರಸನು ಹೆಸರಿಟ್ಟು ಹೇಳುತ್ತಾನೆ. ಭಕ್ತರ ಕಡೆಯಿಂದ ಜೈನದರ್ಶನಕ್ಕೆ ಹಾನಿಯೊದಗಿದರೆ ಅದನ್ನು ವೈಷ್ಣವದರ್ಶನಕ್ಕೇ ಆದ ಹಾನಿಯೆಂದು ತಿಳಿಯಬೇಕೆಂದು ಬಲಿಷ್ಠ ಪಕ್ಷದ ಮೇಲೆ ಹೊಣೆ ಹೊರಿಸುತ್ತಾನೆ. ರಾಜ್ಯದ ಬಸದಿಗಳಲ್ಲಿ ಈ ಕಟ್ಟಳೆಯನ್ನು ಬರೆಸಿ ನಿಲ್ಲಿಸಬೇಕೆನ್ನುತ್ತಾನೆ. ಅನಂತರ ಬೆಳಗೊಳದ ದೇವರ ಅಂಗರಕ್ಷೆಗೆ 20 ಮಂದಿ ಆಳುಗಳನ್ನು ವೈಷ್ಣವರು ನೇಮಿಸುವ ಏರ್ಪಾಡು ಬರುತ್ತದೆ. ಆ ಆಳುಗಳ ಸಂಬಳಕ್ಕೆ ಹಣವೆಲ್ಲಿಂದ? ಜೈನರ ಮನೆಮನೆಯಿಂದ, ವರ್ಷಕ್ಕೆ ಮನೆಗೊಂದು ಹಣದಂತೆ. ಮಿಕ್ಕ ಹಣ ಬಸದಿಗಳ ಜೀರ್ಣೋದ್ಧಾರಕ್ಕೆ, ಮೇಲ್ವಿಚಾರಣೆ ತಿರುಮಲೆಯ ತಾತಯ್ಯನದು.

ಇಲ್ಲಿ ಎರಡು ಸಂಗತಿಗಳು ಒಟ್ಟಿಗೆ ಇವೆ. ದೂರನ್ನು ಅರಸನು ಕೇಳಿದನು, ವಿವಾದದ ವಸ್ತುವನ್ನು ಖಚಿತವಾಗಿ ಹೆಸರಿಸಿದನು, ಬಲವುಳ್ಳವರ ಮೇಲೆ ಹೊಣೆಯಿಟ್ಟನು. ಹದಿನಾಲ್ಕನೆಯ ಶತಮಾನಕ್ಕೆ ಮಾತ್ರವಲ್ಲ, ಯಾವ ಶತಮಾನಕ್ಕೂ ಅದು ದೊಡ್ಡದೇ. ಆದರೆ ಕಾವಲಿನ ಕೂಲಿಯನ್ನು ತೆತ್ತವರು ಮಾತ್ರ ಅನ್ಯಾಯಕ್ಕೊಳಗಾದವರೇ. ಶಾಸನವನ್ನು ಹೊಗಳುವವರು ಈ ಮನೆಗೊಂದು ಹಣವನ್ನು ಮರೆಯುತ್ತಾರೆ. ಮರೆಯುವುದಷ್ಟೇ ಅಲ್ಲ, ತಮ್ಮ ತಮ್ಮ ತರಗತಿಗಳಲ್ಲಿ ಅದೇ ಹಣವನ್ನು ಇಂದಿಗೂ ವಸೂಲು ಮಾಡುತ್ತಾರೆ.

ಆಕ್ಷೇಪ ಕಟುವಾಯಿತೆಂದು ತೋರಬಹುದು. ಆದುದರಿಂದ ಒಂದು ತರಗತಿಯನ್ನು ಕಣ್ಮುಂದೆ ತಂದುಕೊಳ್ಳಬೇಕು. ಮೈಸೂರು–ಊಟಿ ಹೆದ್ದಾರಿಯಲ್ಲಿ ನಂಜನಗೂಡನ್ನು ದಾಟಿ ಗುಂಡ್ಲುಪೇಟೆಯತ್ತ ಹೋಗುವಾಗ ಬೇಗೂರು ಸಿಗುತ್ತದೆ. ಅಂಥದೊಂದು ಊರಿನಿಂದ ಬೆಳಗಿನ ಬಸ್ಸು ಹಿಡಿದು ಪದವಿ ತರಗತಿಗೆ ಬರುವ ವಿದ್ಯಾರ್ಥಿನಿಯೊಬ್ಬಳಿದ್ದಾಳೆಂದೂ ನಲವತ್ತು ಜನರ ತರಗತಿಯಲ್ಲಿ ಆಕೆಯೊಬ್ಬಳೇ ಜೈನಳೆಂದೂ ಭಾವಿಸೋಣ. ಆ ಸೀಮೆಗೆ ಜೈನಧರ್ಮ ಪರದೇಶದ ಸರಕಲ್ಲ. ಚಾಮರಾಜನಗರ ತಾಲ್ಲೂಕಿನ ಮಲೆಯೂರಿನಲ್ಲಿರುವ ಕನಕಗಿರಿ ಪೂಜ್ಯಪಾದರ ಹೆಸರಿನೊಂದಿಗೆ ಬೆಸೆದುಕೊಂಡ ಕ್ಷೇತ್ರ. ರಾಜಾವಳಿ ಕಥೆಯನ್ನು ಬರೆದ ದೇವಚಂದ್ರನು ಅಲ್ಲಿಯವನು. ಹಾಗಿದ್ದರೂ ತರಗತಿಯ ಮೂವತ್ತೊಂಬತ್ತು ಜನರಿಗೆ ಆ ಬೆಟ್ಟ ಒಂದು ಪ್ರವಾಸದ ತಾಣವೇ ಹೊರತು ಒಂದು ದರ್ಶನದ ನೆಲೆಯಲ್ಲ.

ಅಂದಿನ ಪಾಠ ವಡ್ಡಾರಾಧನೆಯ ಮೊದಲ ಕಥೆ, ಸುಕುಮಾರಸ್ವಾಮಿಯದು. ಆಸನದ ಮೇಲೆ ಬಿದ್ದ ಸಾಸಿವೆ ಕಾಳೂ ಒತ್ತುವಷ್ಟು ಮೃದುವಾದ ಮೈಯವನು ದೀಕ್ಷೆ ಹಿಡಿದು ಪ್ರಾಯೋಪಗಮನದಲ್ಲಿ ನಿಂತಿದ್ದಾನೆ. ನರಿಯೊಂದು ತನ್ನ ಮರಿಗಳೊಡನೆ ಬಂದು ಮೂರು ರಾತ್ರಿ ಅವನ ಮೈಯನ್ನು ತಿನ್ನುತ್ತದೆ, ಅವನು ಅಲುಗುವುದಿಲ್ಲ. ಹಿಂದಿನ ಬೆಂಚಿನಿಂದ ಒಂದು ಧ್ವನಿ ಬರುತ್ತದೆ: ‘ಬಟ್ಟೆ ಬಿಡೋದು, ಊಟ ಬಿಡೋದು, ಆಮೇಲೆ ಸಾಯೋದು, ಇದಕ್ಕೆ ಧರ್ಮ ಅಂತ ಬೇರೆ ಹೆಸರು.’ ತರಗತಿ ನಗುತ್ತದೆ. ಇಬ್ಬರು ತಿರುಗಿ ಆ ವಿದ್ಯಾರ್ಥಿನಿಯ ಮುಖ ನೋಡುತ್ತಾರೆ. ಆಕೆ ಪುಸ್ತಕದ ಮೇಲೆ ಬಗ್ಗುತ್ತಾಳೆ.

ಈ ಕ್ಷಣದಲ್ಲಿ ಅಧ್ಯಾಪಕರು ಮಾಡುವುದೇನು? ಬಹುಮಟ್ಟಿಗೆ ನಾಲ್ಕು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಾರೆ, ನಾಲ್ಕೂ ತಪ್ಪು.

ಮೊದಲನೆಯದು, ಕೇಳಿಸದಂತೆ ಮುಂದಿನ ವಾಕ್ಯಕ್ಕೆ ಹೋಗುವುದು. ಹುಡುಗರ ಹುಡುಗಾಟ, ಲಕ್ಷ್ಯ ಕೊಟ್ಟರೆ ಬೆಳೆಯುತ್ತದೆ ಎಂಬುದು ಇದರ ಸಮರ್ಥನೆ. ಆದರೆ ತರಗತಿಯಲ್ಲಿ ಅಧ್ಯಾಪಕರ ಮೌನ ಬರಿಯ ಮೌನವಲ್ಲ, ಅದು ಒಪ್ಪಿಗೆಯ ಸಹಿ. ಸಂಧಿಯೊಂದನ್ನು ತಪ್ಪಾಗಿ ಬಿಡಿಸಿದರೆ ಒಡನೆಯೇ ತಿದ್ದುವವರು, ಒಂದು ದರ್ಶನವನ್ನು ತಪ್ಪಾಗಿ ಹೇಳಿದಾಗ ತಿದ್ದದಿದ್ದರೆ, ಹೇಳಿದುದು ಸರಿಯೆಂದೇ ವಿದ್ಯಾರ್ಥಿಗಳು ತಿಳಿಯುವುದು ನ್ಯಾಯವಾಗಿಯೇ ಇದೆ.

ಎರಡನೆಯದು, ಎಲ್ಲ ಧರ್ಮಗಳೂ ಒಂದೇ, ಯಾರೂ ಯಾರನ್ನೂ ನಿಂದಿಸಬಾರದು ಎಂಬ ಉಪದೇಶ. ಕೇಳಲು ಹಿತ, ಫಲದಲ್ಲಿ ಶೂನ್ಯ. ಎಲ್ಲ ಧರ್ಮಗಳೂ ಒಂದೇ ಆಗಿದ್ದರೆ ಸುಕುಮಾರನು ನರಿಯನ್ನು ಏಕೆ ಓಡಿಸಲಿಲ್ಲವೆಂಬ ಪ್ರಶ್ನೆಗೆ ಉತ್ತರವೇ ಇಲ್ಲ. ಗೇಲಿ ಮಾಡಿದವನು ಒರಟಾಗಿ ಎತ್ತಿದ್ದರೂ ಎತ್ತಿದುದು ಒಂದು ಪ್ರಶ್ನೆಯನ್ನೇ. ಉಪದೇಶ ಆ ಪ್ರಶ್ನೆಯನ್ನು ಮುಚ್ಚಿಬಿಡುತ್ತದೆ. ಉತ್ತರವಿಲ್ಲದ್ದರಿಂದಲೇ ಮೇಷ್ಟ್ರು ನೀತಿ ಹೇಳಿದರೆಂಬ ಅಭಿಪ್ರಾಯವನ್ನು ಉಳಿಸುತ್ತದೆ.

ಮೂರನೆಯದು ಎಲ್ಲಕ್ಕಿಂತ ಸಾಮಾನ್ಯವಾದುದು, ಸದುದ್ದೇಶದ್ದು, ಆದುದರಿಂದಲೇ ಎಲ್ಲಕ್ಕಿಂತ ಕೆಟ್ಟದ್ದು. ‘ನೀನು ಜೈನಳಲ್ಲವೇನಮ್ಮ? ನಿಮ್ಮಲ್ಲಿ ಹೀಗೇಕೆ ಮಾಡುತ್ತಾರೆ, ಎದ್ದು ನಿಂತು ಹೇಳು.’ ಇದೇ ಆ ಮನೆಗೊಂದು ಹಣ. ನೋವುಂಡವಳೇ ಕಾವಲಿನ ಕೂಲಿಯನ್ನೂ ಕೊಡಬೇಕು. ಹತ್ತೊಂಬತ್ತು ವರ್ಷದ ಹುಡುಗಿಗೆ ಮನೆಯಲ್ಲಿ ಪರ್ಯೂಷಣ ತಿಳಿದಿರಬಹುದು, ರಾತ್ರಿಭೋಜನ ತ್ಯಾಗ ತಿಳಿದಿರಬಹುದು. ಪ್ರಾಯೋಪಗಮನಕ್ಕೂ ಇಂಗಿನೀಮರಣಕ್ಕೂ ಇರುವ ವ್ಯತ್ಯಾಸ ತಿಳಿದಿರಬೇಕೆಂಬ ನಿಯಮವೇನಿಲ್ಲ. ಅದು ತಿಳಿದಿರಬೇಕಾದುದು ವಡ್ಡಾರಾಧನೆಯನ್ನು ಪಾಠ ಹೇಳಲು ಸಂಬಳ ಪಡೆಯುವವರಿಗೆ. ಆಕೆ ತಡವರಿಸಿದರೆ ಗೇಲಿ ಗೆದ್ದಿತು. ಚೆನ್ನಾಗಿ ಹೇಳಿದರೂ ಅಂದಿನಿಂದ ಆಕೆ ತರಗತಿಗೆ ಒಂದು ಧರ್ಮದ ವಕೀಲಳೇ ಹೊರತು ಸಹಪಾಠಿಯಲ್ಲ. ಆಕೆಗೆ ತನ್ನ ಧರ್ಮದ ಬಗೆಗೇ ಸಂದೇಹಗಳಿದ್ದರೆ, ಆ ವಯಸ್ಸಿನಲ್ಲಿ ಇರುವುದು ಸಹಜ, ಅವುಗಳನ್ನು ಇನ್ನೆಂದೂ ಆ ಕೊಠಡಿಯಲ್ಲಿ ಬಾಯಿಬಿಟ್ಟು ಹೇಳಲಾರಳು.

ನಾಲ್ಕನೆಯದು ಪಾಠವನ್ನೇ ಬಿಡುವುದು. ವಿವಾದವಾಗುವ ಕಥೆ ಬೇಡ, ಬೇರೆ ಕಥೆ ಹೇಳೋಣ ಎಂಬ ಜಾಣತನ. ಇದರ ಇನ್ನೊಂದು ಮುಖ, ಸಮುದಾಯದ ಮುಖಂಡರು ಬಂದು ಇಂಥ ಪಠ್ಯವನ್ನು ಕೈಬಿಡಿ ಎಂದು ಕೇಳುವುದು. ಎರಡರ ಫಲವೂ ಒಂದೇ. ಹಳಗನ್ನಡದ ಉಪಲಬ್ಧ ಗದ್ಯದ ಮೊದಲ ಸಾಲಿನ ಕೃತಿಯನ್ನು ಕಳೆದುಕೊಂಡ ತರಗತಿಯಲ್ಲಿ ತಪ್ಪುತಿಳಿವಳಿಕೆ ಮಾತ್ರ ಹಾಗೆಯೇ ಕುಳಿತಿರುತ್ತದೆ.

ಹಾಗಾದರೆ ಮಾಡಬೇಕಾದುದೇನು? ಬುಕ್ಕರಾಯನ ಕಟ್ಟಳೆಯ ಒಳ್ಳೆಯ ಅರ್ಧವನ್ನು ಇಟ್ಟುಕೊಂಡು ಕೆಟ್ಟ ಅರ್ಧವನ್ನು ಬಿಡುವುದು. ವಸ್ತುವನ್ನು ಹೆಸರಿಸಬೇಕು, ಹೊಣೆಯನ್ನು ಬಲವುಳ್ಳವರ ಮೇಲಿಡಬೇಕು, ಹಣವನ್ನು ಮಾತ್ರ ಕೇಳಬಾರದು.

ನಗು ನಿಲ್ಲುವವರೆಗೆ ಕಾದು, ದನಿಯೇರಿಸದೆ, ಆ ವಿದ್ಯಾರ್ಥಿನಿಯ ಕಡೆಗೆ ನೋಡದೆ ಅಧ್ಯಾಪಕರು ಹೇಳಬೇಕಾದುದು ಇಷ್ಟು: ‘ಈಗ ಬಂದ ಮಾತಿನಲ್ಲಿ ಎರಡಿವೆ. ಒಂದು ಗೇಲಿ, ಅದು ಈ ಕೊಠಡಿಯಲ್ಲಿ ನಡೆಯುವುದಿಲ್ಲ. ಇನ್ನೊಂದು ಪ್ರಶ್ನೆ: ಇದು ಆತ್ಮಹತ್ಯೆಯಲ್ಲವೆ? ಅದಕ್ಕೆ ಪಠ್ಯದಲ್ಲಿಯೇ ಉತ್ತರವಿದೆ, ನೋಡೋಣ.’ ಆ ದೃಷ್ಟಿ ಎತ್ತ ಹೋಗುತ್ತದೆ ಎಂಬುದು ಸಣ್ಣ ವಿಷಯವಲ್ಲ. ಅಧ್ಯಾಪಕರ ಕಣ್ಣು ಹೋದತ್ತ ನಲವತ್ತು ಜೊತೆ ಕಣ್ಣುಗಳು ಹೋಗುತ್ತವೆ.

ಅನಂತರದ್ದು ಶುದ್ಧ ಪಾಠ. ಜೈನಶಾಸ್ತ್ರ ಸಲ್ಲೇಖನಕ್ಕೆ ಸಂದರ್ಭಗಳನ್ನು ಗೊತ್ತುಮಾಡುತ್ತದೆ. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರ ಹೇಳುವಂತೆ ಅವು ಪ್ರತೀಕಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು ಮತ್ತು ರೋಗ. ಬದುಕು ಬೇಸರವಾಯಿತೆಂಬುದು ಆ ಪಟ್ಟಿಯಲ್ಲಿಲ್ಲ. ಇನ್ನೂ ಮುಖ್ಯವಾದುದು ಅತಿಚಾರಗಳ ಪಟ್ಟಿ, ಎಂದರೆ ವ್ರತವನ್ನು ಕೆಡಿಸುವ ದೋಷಗಳದು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಇಂಥ ಐದು ದೋಷಗಳನ್ನು ಎಣಿಸುತ್ತದೆ. ಇನ್ನಷ್ಟು ಬದುಕಬೇಕೆಂಬ ಆಸೆ ಒಂದು ದೋಷವಾದರೆ, ಬೇಗ ಸಾಯಬೇಕೆಂಬ ಆಸೆಯೂ ಅದರ ಪಕ್ಕದಲ್ಲಿಯೇ ನಿಂತ ಇನ್ನೊಂದು ದೋಷ. ಸಾವನ್ನು ಬಯಸಿದೊಡನೆ ಸಲ್ಲೇಖನ ಕೆಡುತ್ತದೆ. ಆತ್ಮಹತ್ಯೆಯ ತಿರುಳೇ ಸಾವಿನ ಬಯಕೆಯಾಗಿರುವಾಗ, ಅದನ್ನೇ ದೋಷವೆಂದು ಎಣಿಸುವ ವ್ರತವನ್ನು ಅದೇ ಹೆಸರಿನಿಂದ ಕರೆಯುವುದು ಕಡೆಯಪಕ್ಷ ಆತುರದ ಮಾತು. ನರಿಯನ್ನು ಏಕೆ ಓಡಿಸಲಿಲ್ಲವೆಂಬುದಕ್ಕೂ ಉತ್ತರ ಇಲ್ಲಿಯೇ ಇದೆ. ಪ್ರಾಯೋಪಗಮನವೆಂದರೆ ತನ್ನ ಮೈಗೆ ತಾನೂ ಉಪಚಾರ ಮಾಡಿಕೊಳ್ಳದೆ, ಇತರರಿಂದಲೂ ಮಾಡಿಸಿಕೊಳ್ಳದೆ ನಿಲ್ಲುವ ಬಗೆ. ಸುಕುಮಾರನು ನರಿಯನ್ನು ಕರೆಯಲಿಲ್ಲ, ಬಂದಾಗ ಅಲುಗಲಿಲ್ಲ.

ಬಟ್ಟೆಯ ಮಾತೂ ಹಾಗೆಯೇ. ದಿಗಂಬರ ಮುನಿಯ ಮೂಲಗುಣಗಳು 28. ಅವುಗಳಲ್ಲಿ ಅಚೇಲಕತ್ವ ಒಂದು. ಕೇಶಲೋಚ, ನೆಲದ ಮೇಲೆ ಮಲಗುವುದು, ನಿಂತು ಉಣ್ಣುವುದು, ದಿನಕ್ಕೊಂದೇ ಊಟ ಅದರ ಜೊತೆಯವು. ಇವೆಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರೆ ಬತ್ತಲೆತನ ಒಂದು ಪ್ರದರ್ಶನವಲ್ಲ, ಏನನ್ನೂ ಇಟ್ಟುಕೊಳ್ಳದಿರುವ ಅಪರಿಗ್ರಹದ ಕೊನೆಯ ಹೆಜ್ಜೆಯೆಂದು ತಿಳಿಯುತ್ತದೆ. ಅದೊಂದನ್ನೇ ಕಿತ್ತು ತೋರಿಸಿದಾಗ ನಗು ಬರುತ್ತದೆ. ಸಂದರ್ಭದಿಂದ ಕಿತ್ತ ಯಾವ ಪದ್ಯವೂ ನಗೆಗೀಡಾಗುತ್ತದೆ ಎಂಬುದನ್ನು ಸಾಹಿತ್ಯದ ವಿದ್ಯಾರ್ಥಿಗಳಿಗೆ ಬೇರೆ ಹೇಳಬೇಕಾಗಿಲ್ಲ.

ಇಷ್ಟು ಹೇಳಿದ ಮೇಲೆ ತರಗತಿ ಒಪ್ಪಲೇಬೇಕೆ? ಒಪ್ಪಬೇಕಾಗಿಲ್ಲ. ಇಲ್ಲಿ ಜೈನ ವಿದ್ವಾಂಸರೂ ಎಚ್ಚರದಿಂದಿರಬೇಕು. ರಾಜಸ್ಥಾನದ ಉಚ್ಚ ನ್ಯಾಯಾಲಯವು 2015ರ ಆಗಸ್ಟ್ 10ರಂದು ಸಲ್ಲೇಖನವನ್ನು, ಅಲ್ಲಿನ ಮಾತಿನಲ್ಲಿ ಸಂಥಾರವನ್ನು, ಆತ್ಮಹತ್ಯೆಗೆ ಸಮಾನವಾದ ಅಪರಾಧವೆಂದು ತೀರ್ಪಿತ್ತಿತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆಯಾಜ್ಞೆ ನೀಡಿತು. ನ್ಯಾಯಾಧೀಶರಿಗೇ ಭಿನ್ನಾಭಿಪ್ರಾಯವಿರುವ ವಿಷಯದಲ್ಲಿ ಇಪ್ಪತ್ತರ ಹುಡುಗನಿಗೆ ಇರಕೂಡದೆಂದರೆ ಅದು ವಿದ್ಯೆಯಲ್ಲ. ಮುದುಕರ ಮೇಲೆ ಮನೆಯವರ ಒತ್ತಡ ಬೀಳಬಹುದಲ್ಲವೆ, ವ್ರತವನ್ನು ನಡುವೆ ಬಿಡಲು ಅವಕಾಶವಿದೆಯೆ ಎಂದು ಅವನು ಕೇಳಿದರೆ ಅದು ಗೌರವಾರ್ಹ ಪ್ರಶ್ನೆ. ಗೇಲಿಗೂ ಟೀಕೆಗೂ ಇರುವ ಗೆರೆ ಅಷ್ಟು ಮಸುಕೇನಲ್ಲ. ಟೀಕೆ ಗ್ರಂಥದ ಕಡೆಗೆ, ಆಚರಣೆಯ ಕಡೆಗೆ ನೋಡುತ್ತದೆ, ಉತ್ತರವನ್ನು ಕಾಯುತ್ತದೆ. ಗೇಲಿ ಪಕ್ಕದ ಬೆಂಚಿನ ಮುಖವನ್ನು ನೋಡುತ್ತದೆ, ನಗುವನ್ನು ಕಾಯುತ್ತದೆ.

ಪಾಠದ ನಂತರದ ಕೆಲಸವೂ ಇದೆ. ಗೇಲಿ ಮಾಡಿದವನನ್ನು ಎಲ್ಲರೆದುರು ಕ್ಷಮೆ ಕೇಳಿಸಿದರೆ ಅವಮಾನ ಒಬ್ಬರಿಂದ ಇನ್ನೊಬ್ಬರಿಗೆ ವರ್ಗವಾಗುತ್ತದೆ, ಕಡಿಮೆಯಾಗುವುದಿಲ್ಲ. ಅವನನ್ನು ಬೇರೆಯಾಗಿ ಕರೆದು, ಅವನು ಹೇಳಿದ ವಾಕ್ಯವನ್ನೇ ಅವನಿಗೆ ಹೇಳಿ, ಅದು ಯಾರ ಮೇಲೆ ಬಿತ್ತೆಂದು ತಿಳಿಸಿದರೆ ಸಾಕು. ಆ ವಿದ್ಯಾರ್ಥಿನಿಯೊಡನೆಯೂ ಒಂದು ಮಾತು ಬೇಕು, ಸಂತಾಪದ್ದಲ್ಲ: ‘ಇಂದು ನಡೆದುದನ್ನು ಕಂಡಿದ್ದೇನೆ. ಇದರ ಬಗೆಗೆ ನೀನೇನೂ ಮಾತಾಡಬೇಕಾಗಿಲ್ಲ, ಮಾತಾಡಬೇಕೆನಿಸಿದರೆ ಬಾ.’ ಆಯ್ಕೆ ಆಕೆಯದಾಗಿರಬೇಕು. ಮತ್ತೆ ಮತ್ತೆ ನಡೆದರೆ, ಅಥವಾ ಕಾರಿಡಾರಿಗೂ ಮೊಬೈಲಿನ ಗುಂಪುಗಳಿಗೂ ಹರಡಿದರೆ, ಅದು ಪಾಠದ ಎಲ್ಲೆ ಮೀರಿದ ಕಿರುಕುಳ. ಆಗ ದಿನಾಂಕದೊಡನೆ ಬರೆದಿಟ್ಟು ಪ್ರಾಂಶುಪಾಲರಿಗೂ ಕುಂದುಕೊರತೆ ಸಮಿತಿಗೂ ಒಪ್ಪಿಸಬೇಕು. ಬರೆಯುವ ಕೆಲಸವೂ ಅಧ್ಯಾಪಕರದೇ, ಆಕೆಯದಲ್ಲ.

ಮಾಡಿದುದು ಫಲಿಸಿತೋ ಇಲ್ಲವೋ ಎಂಬುದನ್ನು ಹಾಜರಿ ಪುಸ್ತಕ ಹೇಳುತ್ತದೆ. ಪಂಪ, ಜನ್ನ, ವಡ್ಡಾರಾಧನೆಗಳ ದಿನವೇ ಆಕೆ ಗೈರುಹಾಜರಾಗುತ್ತಿದ್ದರೆ, ಮೂರನೆಯ ಬೆಂಚಿನಿಂದ ಗೋಡೆಯ ಪಕ್ಕಕ್ಕೆ ಸರಿದಿದ್ದರೆ, ಆಂತರಿಕ ಪರೀಕ್ಷೆಯಲ್ಲಿ ಚೆನ್ನಾಗಿ ಬಲ್ಲ ಜೈನ ಕಾವ್ಯದ ಪ್ರಶ್ನೆಯನ್ನೇ ಬಿಟ್ಟಿದ್ದರೆ, ಫಲಿಸಿಲ್ಲ. ತರಗತಿಯೇ ಇಂಥ ಪಾಠಗಳಲ್ಲಿ ಬಾಯಿ ಮುಚ್ಚಿ ಕುಳಿತಿದ್ದರೂ ಫಲಿಸಿಲ್ಲ. ಅದು ಗೌರವವಲ್ಲ, ಹೆದರಿಕೆ. ಗೇಲಿ ಮಾಡಿದವನೇ ಮುಂದಿನ ವಾರ ಇನ್ನೊಂದು ಪ್ರಶ್ನೆಯನ್ನು ನೆಟ್ಟಗೆ ಕೇಳಿದರೆ ಫಲಿಸಿತೆಂದು ತಿಳಿಯಬಹುದು.

ಇಷ್ಟನ್ನು ಓದಿ ಜೈನ ಓದುಗರು ತಲೆದೂಗುತ್ತಿದ್ದರೆ ಈಗ ಅವರ ಸರದಿ. ಇದೇ ಹಳಗನ್ನಡದ ಪಠ್ಯಗಳಲ್ಲಿ ಬ್ರಹ್ಮಶಿವನ ಸಮಯಪರೀಕ್ಷೆಯೂ ಇದೆ, ನಯಸೇನನ ಧರ್ಮಾಮೃತವೂ ಇದೆ, ವೃತ್ತವಿಲಾಸನ ಧರ್ಮಪರೀಕ್ಷೆಯೂ ಇದೆ. ಪರಸಮಯಗಳ ದೇವರುಗಳನ್ನೂ ಆಚರಣೆಗಳನ್ನೂ ಹೀಯಾಳಿಸುವುದರಲ್ಲಿ ಬ್ರಹ್ಮಶಿವನಿಗೆ ಸಂಕೋಚವೆಂಬುದಿಲ್ಲ. ಆ ಪದ್ಯಗಳನ್ನು ‘ಹನ್ನೆರಡನೆಯ ಶತಮಾನದ ವೈಚಾರಿಕತೆ’ ಎಂದು ಮೆಚ್ಚುತ್ತ ಪಾಠ ಹೇಳುವಾಗ, ಎದುರಿಗೆ ಕುಳಿತ ಶೈವ ಹುಡುಗನ ಮುಖವನ್ನು ಎಷ್ಟು ಜನ ನೋಡಿದ್ದಾರೆ? ಅಬ್ಬಲೂರಿನ ಶಾಸನ ಏಕಾಂತದ ರಾಮಯ್ಯನು ತಲೆಯನ್ನು ಶಿವನಿಗೊಪ್ಪಿಸಿ ಮರಳಿ ಪಡೆದು ಜಿನಬಿಂಬವನ್ನು ಒಡೆದನೆಂದು ಹೇಳುತ್ತದೆ. ಅದನ್ನು ಓದುವಾಗ ಜೈನ ವಿದ್ಯಾರ್ಥಿನಿಗೆ ಯಾವ ರಕ್ಷಣೆ ಬೇಕೋ, ಬ್ರಹ್ಮಶಿವನನ್ನು ಓದುವಾಗ ಶೈವನಿಗೂ ವೈಷ್ಣವನಿಗೂ ಅದೇ ಬೇಕು. ಈ ಕೃತಿಗಳಲ್ಲಿ ಯಾವುದೂ ಇಲ್ಲದ ಮುಸಲ್ಮಾನ ಅಥವಾ ಕ್ರೈಸ್ತ ಹುಡುಗಿಗೆ, ಬೆಂಬಲಕ್ಕೊಂದು ಹಳಗನ್ನಡ ಕಾವ್ಯವೂ ಇಲ್ಲದ್ದರಿಂದ, ಇನ್ನೂ ಹೆಚ್ಚಾಗಿ ಬೇಕು. ತನ್ನವರಿಗೆ ಮಾತ್ರ ಕೇಳುವ ನ್ಯಾಯಕ್ಕೆ ವಕಾಲತ್ತು ಎಂದು ಹೆಸರು.

ಕೊನೆಯಲ್ಲಿ ಮತ್ತೆ ಸುಕುಮಾರಸ್ವಾಮಿಯ ಕಥೆಗೇ ಬರಬೇಕು, ಏಕೆಂದರೆ ಆ ಕಥೆ ಹುಟ್ಟುವುದೇ ಒಂದು ಅವಹೇಳನದಲ್ಲಿ. ಸೂರ್ಯಮಿತ್ರನು ಸೋದರಳಿಯರಾದ ಅಗ್ನಿಭೂತಿ ವಾಯುಭೂತಿಯರಿಗೆ ನಂಟು ತೋರಿಸದೆ, ಭಿಕ್ಷೆಯ ಅನ್ನದಲ್ಲಿ ಬೆಳೆಸಿ ವಿದ್ಯೆ ಕಲಿಸಿದನು. ನಿಜ ತಿಳಿದಾಗ ಒಬ್ಬನು ಕೃತಜ್ಞನಾದನು, ಇನ್ನೊಬ್ಬನು ಹಗೆಗೊಂಡನು. ಅದೇ ಗುರು ಮುನಿಯಾಗಿ ಬಂದಾಗ ವಾಯುಭೂತಿ ಬೈದನು. ಆ ಪಾಪದಿಂದ ಕುಷ್ಠರೋಗಿಯಾಗಿ ಸತ್ತು ಕೀಳುಜನ್ಮಗಳಲ್ಲಿ ತೊಳಲಿದನು. ಕಡೆಗೆ ಸುಕುಮಾರನಾಗಿ ಹುಟ್ಟಿದವನೂ ಅವನೇ. ಎಂದರೆ ಹಿಂದಿನ ಬೆಂಚಿನ ಹುಡುಗ ಯಾರನ್ನು ನೋಡಿ ನಕ್ಕನೋ ಆ ಮುನಿ ಒಂದು ಕಾಲಕ್ಕೆ ಅವನಂತೆಯೇ ಮುನಿಯನ್ನು ನೋಡಿ ನಕ್ಕವನು. ಇದನ್ನು ಶಾಪದ ಬೆದರಿಕೆಯಾಗಿ ಹೇಳುವ ಅಧ್ಯಾಪಕರಿದ್ದಾರೆ. ಅವರು ಕಥೆಯ ಅರ್ಧವನ್ನಷ್ಟೇ ಓದಿದವರು. ಬೈದ ವಾಯುಭೂತಿಯನ್ನು ಸೂರ್ಯಮಿತ್ರನು ಕೈಬಿಡಲಿಲ್ಲ. ಎಷ್ಟೋ ಜನ್ಮಗಳ ಆಚೆ ಆ ಜೀವ ಒಬ್ಬ ಹುಡುಗಿಯಾಗಿ ಹುಟ್ಟಿದ್ದಾಗ, ಧರ್ಮವನ್ನು ಹೇಳಿ ವ್ರತ ಕೊಟ್ಟವರು ಆ ಮುನಿಗಳೇ. ಬೈಗಳನ್ನು ಕೇಳಿದವನು ಮತ್ತೆ ಗುರುವಾಗಿಯೇ ಎದುರಾದನು. ಹಿಂದಿನ ಬೆಂಚಿನ ಹುಡುಗನಿಗೆ ಹೇಳಬೇಕಾದ ಪಾಠ ಅಂದೇ ಉಳಿದಿರುತ್ತದೆ, ಗಂಟೆ ಬಾರಿಸಲು ಇನ್ನೂ ಹದಿನೈದು ನಿಮಿಷವಿರುತ್ತದೆ.